ಕಚೇರಿಯಲ್ಲಿ ಕೀಟಲೆ ಉಡುಗೊರೆ: ಯಾರಿಗೂ ಮುಜುಗರವಾಗದಂತೆ ಕಾಲೆಳೆಯುವ ಕ್ರಮ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಸೀಕ್ರೆಟ್ ಸಾಂಟಾ ಚೀಟಿ ಎತ್ತುತ್ತಾರೆ. ಕಾಫಿ ಮಗ್, ಡೈರಿ, ಫೋಟೊ ಫ್ರೇಮ್ ಕೈ ಬದಲಾಯಿಸಿ ಡ್ರಾಯರ್ ಸೇರುತ್ತವೆ. ಇದರ ಬದಲು ಕೆಲವು ತಂಡಗಳು ಕೀಟಲೆ ಉಡುಗೊರೆಗೆ ಕೈ ಹಾಕುತ್ತವೆ: ಒಬ್ಬೊಬ್ಬರ ಒಂದೊಂದು ಅಭ್ಯಾಸವನ್ನು ಹಿಡಿದು ಒಂದು ವಸ್ತು, ಜೊತೆಗೆ ಕಾಲೆಳೆಯುವ ಒಂದು ಕಾರ್ಡು. ಸರಿಯಾಗಿ ಮಾಡಿದರೆ ವರ್ಷವಿಡೀ ನೆನಪಿರುತ್ತದೆ. ತಪ್ಪಿದರೂ ವರ್ಷವಿಡೀ ನೆನಪಿರುತ್ತದೆ. ಹಾಗಾಗಿ ಇದಕ್ಕೆ ತಯಾರಿ ಬೇಕು.

ಇಲ್ಲಿ 12 ಜನರ ತಂಡ, ತಲೆಗೆ 300 ರೂಪಾಯಿ ಮಿತಿ, ಮೂರು ವಾರದ ಸಮಯ ಎಂದಿಟ್ಟುಕೊಂಡು ಇಡೀ ಕ್ರಮವನ್ನು ವಿವರಿಸಿದೆ. ಕಾರ್ಡಿಗೆ ನಮ್ಮಲ್ಲೇ ಇರುವ ಒಂದು ಒಳ್ಳೆಯ ಅಚ್ಚು ಸನ್ಮಾನದಲ್ಲಿ ಓದುವ ಬಿನ್ನವತ್ತಳೆ. ಹೊಗಳಿಕೆಯ ಭಾಷೆಯಲ್ಲೇ ಕಾಲೆಳೆಯುವುದರಿಂದ ಬೈಗುಳದ ಕಡೆಗೆ ಜಾರುವ ಅಪಾಯ ಕಡಿಮೆ. ಇಡೀ ಕೆಲಸಕ್ಕೆ ಆಧಾರವಾದ ನಿಯಮ ಒಂದೇ: ಕೀಟಲೆಯೆಲ್ಲ ಕಾರ್ಡಿನಲ್ಲಿರಬೇಕು, ಉಡುಗೊರೆ ನಿಜವಾಗಿ ಉಪಯೋಗಕ್ಕೆ ಬರಬೇಕು. ಕಾರ್ಡು ಕಳೆದುಹೋದರೂ ಆ ವಸ್ತುವನ್ನು ಅವರು ಮೇಜಿನ ಮೇಲೆ ಇಟ್ಟುಕೊಳ್ಳುತ್ತಾರೆ ಅನ್ನಿಸಿದರೆ ಮಾತ್ರ ಕೊಳ್ಳಿ.

ಯಾವ ಬಗೆಯ ಆಟ

ಉಡುಗೊರೆ ವಿನಿಮಯದಲ್ಲಿ ಎರಡು ಬಗೆ ಪ್ರಚಲಿತ. ಒಂದರಲ್ಲಿ ಎಲ್ಲ ಪೊಟ್ಟಣಗಳನ್ನು ಒಂದೆಡೆ ರಾಶಿ ಹಾಕಿ, ಸರದಿಯಲ್ಲಿ ಬಂದವರು ತಮಗೆ ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ, ಬೇಕಿದ್ದರೆ ಇನ್ನೊಬ್ಬರದನ್ನು ಕಸಿದುಕೊಳ್ಳುತ್ತಾರೆ. ಇನ್ನೊಂದರಲ್ಲಿ ಚೀಟಿ ಎತ್ತಿ, ಬಂದ ಹೆಸರಿನವರಿಗೇ ಕೊಡುತ್ತಾರೆ. ಅಭ್ಯಾಸವನ್ನು ಗುರಿಯಾಗಿಟ್ಟ ಕಾರ್ಡಿಗೆ ಮೊದಲನೆಯ ಬಗೆ ಹೊಂದುವುದಿಲ್ಲ. ಒಬ್ಬರಿಗಾಗಿ ಬರೆದ ಕೀಟಲೆ ಇನ್ನೊಬ್ಬರ ಕೈಗೆ ಹೋದರೆ ಕಾರ್ಡು ಅರ್ಥ ಕಳೆದುಕೊಳ್ಳುತ್ತದೆ, ಕೆಲವೊಮ್ಮೆ ಅವರಿಗೇ ಹೇಳಿದಂತೆ ಚುಚ್ಚುತ್ತದೆ. ಆದ್ದರಿಂದ ಹೆಸರಿನ ಚೀಟಿಯೇ ಸರಿ.

ಕೊಟ್ಟವರ ಹೆಸರು ಕೊನೆಯವರೆಗೂ ಗುಟ್ಟಾಗಿರಬೇಕೇ? ಮಾಮೂಲಿ ಸೀಕ್ರೆಟ್ ಸಾಂಟಾದಲ್ಲಿ ಇರಲಿ, ಇಲ್ಲಿ ಬೇಡ. ಯಾರು ಬರೆದರೆಂದು ಗೊತ್ತಿಲ್ಲದ ಕೀಟಲೆ ಓದಿದವರು ಸಂಜೆಯವರೆಗೂ ಹನ್ನೊಂದು ಮುಖಗಳನ್ನು ಅನುಮಾನದಿಂದ ನೋಡುತ್ತಾರೆ. ಕಾರ್ಡಿನ ಕೆಳಗೆ ಸಹಿ ಇದ್ದರೆ ಬರೆಯುವ ಕೈ ತಾನಾಗಿಯೇ ಹದಕ್ಕೆ ಬರುತ್ತದೆ. ಪೊಟ್ಟಣ ಬಿಚ್ಚುವ ಕ್ಷಣದವರೆಗೆ ಗುಟ್ಟು, ಬಿಚ್ಚಿದೊಡನೆ ಹೆಸರು: ಇಷ್ಟು ಸಾಕು.

ಮೊದಲ ವಾರ: ಮೂರು ಪ್ರಶ್ನೆ

ಕಾರ್ಯಕ್ರಮಕ್ಕೆ ಮೂರು ವಾರ ಮುಂಚೆ ಒಂದು ಚಿಕ್ಕ ಫಾರ್ಮ್ ಕಳಿಸಿ. ಭಾಗವಹಿಸುವವರು ಮಾತ್ರ ತುಂಬಲಿ. ತುಂಬದವರನ್ನು 'ಯಾಕೆ ಬರ್ತಿಲ್ಲ' ಎಂದು ಕೇಳಬೇಡಿ, ಗ್ರೂಪಿನಲ್ಲಿ ಹೆಸರು ಹಾಕಿ ನೆನಪಿಸಲೂಬೇಡಿ. ಹಾಗೆ ಮಾಡಿದರೆ ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡವರು ಬರುತ್ತಾರೆ, ಎಡವಟ್ಟು ಆಗುವುದೂ ಹೆಚ್ಚಾಗಿ ಅವರ ಸರದಿಯಲ್ಲೇ.

ಮೊದಲ ಪ್ರಶ್ನೆ: ನೀವೇ ಹೇಳಿಕೊಂಡು ನಗುವ ನಿಮ್ಮ ಒಂದು ಕಚೇರಿ ಅಭ್ಯಾಸ ಯಾವುದು? ಎರಡನೆಯದು: ಯಾವ ವಿಷಯ ಮುಟ್ಟಬಾರದು? ಕಾರಣ ಹೇಳಬೇಕಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ. ಮೂರನೆಯದು: ಎಲ್ಲರೆದುರು ಬಿಚ್ಚುತ್ತೀರಾ, ನಿಮ್ಮ ಮೇಜಿಗೇ ತಲುಪಿಸಬೇಕೇ?

ಮೊದಲ ಪ್ರಶ್ನೆಯ ಉತ್ತರವೇ ಈ ಇಡೀ ಕೆಲಸದ ಬಂಡವಾಳ. ತಾವೇ ಒಪ್ಪಿಕೊಂಡ ಅಭ್ಯಾಸದ ಬಗ್ಗೆ ಬಂದ ಕೀಟಲೆಗೆ ಜನ ನಗುತ್ತಾರೆ. ಗುಟ್ಟಾಗಿ ನೋಡಿ ಹಿಡಿದದ್ದಕ್ಕೆ ಬೆಚ್ಚುತ್ತಾರೆ. ಉತ್ತರ ಖಾಲಿ ಬಿಟ್ಟವರನ್ನು ಈ ಕಾರ್ಯಕ್ರಮದ ವ್ಯವಸ್ಥಾಪಕರೇ ಮಾತಿನ ನಡುವೆ ಕೇಳಿಕೊಳ್ಳಬಹುದು. ಆಗಲೂ ಬಾರದಿದ್ದರೆ ಅವರಿಗೆ ಕೀಟಲೆ ಬಿಟ್ಟು ಬರೀ ಪ್ರೀತಿಯ ಕಾರ್ಡು ಬರೆಸಿ. ಎರಡನೆಯ ಪ್ರಶ್ನೆಯ ಉತ್ತರ ವ್ಯವಸ್ಥಾಪಕರ ಬಳಿಯೇ ಉಳಿಯಬೇಕು. ಕೊಡುವವರಿಗೆ ಅದನ್ನು ಪಟ್ಟಿ ಮಾಡಿ ಕಳಿಸುವುದು ದೊಡ್ಡ ತಪ್ಪು. 'ನನ್ನ ಮದುವೆ ವಿಷಯ ಬೇಡ' ಎಂದು ಒಬ್ಬರು ಬರೆದದ್ದನ್ನು ಇನ್ನೊಬ್ಬರಿಗೆ ತಿಳಿಸಿದರೆ ಅದೇ ಒಂದು ಸುದ್ದಿಯಾಗಿಬಿಡುತ್ತದೆ. ಕಾರ್ಡು ಪರಿಶೀಲನೆಗೆ ಬಂದಾಗ ವ್ಯವಸ್ಥಾಪಕರು ತಾವೇ ಹೋಲಿಸಿ ನೋಡಿದರೆ ಸಾಕು.

ತೀರ ಹೊಸದಾಗಿ ಸೇರಿದವರು, ನೋಟಿಸ್ ಅವಧಿಯಲ್ಲಿರುವವರು, ಕೆಲಸ ಸುಧಾರಿಸಿಕೊಳ್ಳಲು ಗಡುವು ಕೊಡಿಸಿಕೊಂಡವರು, ಮನೆಯಲ್ಲಿ ಸಾವು-ನೋವು ಕಂಡವರು ತಂಡದಲ್ಲಿದ್ದರೆ ಅವರಿಗೂ ಕೀಟಲೆಯಿಲ್ಲದ ಕಾರ್ಡೇ ಲೇಸು. ಇದನ್ನು ಯಾರಿಗೂ ಘೋಷಿಸಬೇಕಿಲ್ಲ. ಅವರ ಚೀಟಿ ಬಂದವರಿಗೆ ಮೆಲ್ಲಗೆ ಹೇಳಿ.

ಚೀಟಿ ಎತ್ತುವುದು

ಡಬ್ಬಿಯಲ್ಲಿ 12 ಚೀಟಿ ಹಾಕಿ ಎಲ್ಲರೂ ಎತ್ತಿದರೆ, ಯಾರಾದರೂ ಒಬ್ಬರಿಗಾದರೂ ತಮ್ಮದೇ ಹೆಸರು ಬರುವ ಸಾಧ್ಯತೆ ನೂರಕ್ಕೆ ಸುಮಾರು 63. ಅಂದರೆ ಹೆಚ್ಚಿನ ಸಲ ಚೀಟಿ ಮತ್ತೆ ಎತ್ತಬೇಕಾಗುತ್ತದೆ, ಆಗ ಗುಟ್ಟೂ ಸೋರುತ್ತದೆ. ಇದಕ್ಕಿಂತ ಸುಲಭದ ದಾರಿ ವರ್ತುಲ. ಗೂಗಲ್ ಶೀಟಿನ ಒಂದು ಕಂಬದಲ್ಲಿ ಹೆಸರುಗಳನ್ನು ಬರೆದು, ಆರಿಸಿ, `Data > Randomize range` ಒತ್ತಿ. ಪ್ರತಿಯೊಬ್ಬರೂ ತಮ್ಮ ಕೆಳಗಿನ ಹೆಸರಿಗೆ ಕೊಡುತ್ತಾರೆ, ಕೊನೆಯವರು ಮೊದಲನೆಯವರಿಗೆ. ತಮ್ಮ ಹೆಸರು ತಮಗೆ ಬರುವ ಮಾತೇ ಇಲ್ಲ, ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಜೋಡಿಯೂ ಹುಟ್ಟುವುದಿಲ್ಲ.

ಶೀಟು ಕಲಸಿದ ಮೇಲೆ ಒಂದು ಸಲ ಕಣ್ಣಾಡಿಸಿ. ಮ್ಯಾನೇಜರ್ ತನ್ನ ಕೈಕೆಳಗಿನವರಿಗೆ ಕೊಡುವಂತೆ ಬಂದಿದ್ದರೆ ಮತ್ತೆ ಕಲಸಿ. ಅಪ್ರೈಸಲ್ ಬರೆಯುವ ಕೈಯಿಂದಲೇ 'ನೀವು ಸ್ವಲ್ಪ ನಿಧಾನ' ಎಂಬ ಕಾರ್ಡು ಬಂದರೆ ಅದು ತಮಾಷೆಯಾಗಿ ಓದಿಸಿಕೊಳ್ಳುವುದಿಲ್ಲ. ಕೆಳಗಿನವರು ಮ್ಯಾನೇಜರ್‌ಗೆ ಕೊಡುವುದರಲ್ಲಿ ತೊಂದರೆಯಿಲ್ಲ, ಅದು ಚೆನ್ನಾಗಿಯೂ ಇರುತ್ತದೆ. ಇತ್ತೀಚೆಗೆ ಮಾತು ಬಿಟ್ಟವರು ಅಕ್ಕಪಕ್ಕ ಬಂದಿದ್ದರೂ ಕಲಸಿ.

ಅಭ್ಯಾಸ ಆರಿಸುವುದು

ಕೀಟಲೆಗೆ ಒಗ್ಗುವ ಅಭ್ಯಾಸ ಎಲ್ಲರ ಕಣ್ಣೆದುರಿನದು, ಕೆಲಸದ ಜಾಗದಲ್ಲೇ ನಡೆಯುವಂಥದ್ದು, ಮನಸ್ಸು ಮಾಡಿದರೆ ನಾಳೆಯೇ ಬಿಡಬಹುದಾದದ್ದು. ಮ್ಯೂಟ್ ತೆಗೆಯದೆ ಐದು ನಿಮಿಷ ಮಾತಾಡುವುದು, ಪೆನ್ನು ಕೇಳಿ ಪಡೆದು ಮರೆಯುವುದು, ಮಾರತಹಳ್ಳಿಯ ಮನೆಯಲ್ಲಿ ಕೂತೇ 'ಸಿಲ್ಕ್ ಬೋರ್ಡ್ ದಾಟಿದೆ' ಎನ್ನುವುದು, ಫೈಲಿಗೆ 'ಫೈನಲ್', 'ಫೈನಲ್ ಹೊಸದು', 'ನಿಜವಾದ ಫೈನಲ್' ಎಂದು ಹೆಸರಿಡುವುದು, ಬೇರೆಯವರ ಚಾರ್ಜರ್ ಹುಡುಕಿಕೊಂಡು ಮಹಡಿ ಸುತ್ತುವುದು. ಇವೆಲ್ಲ ನಡತೆಯ ವಿಷಯ. ಇವರು ಎಂಥವರು ಎಂಬ ತೀರ್ಪಲ್ಲ.

ಹಿಂದೆ ಏನೋ ಕಾರಣ ಇರಬಹುದಾದ ಅಭ್ಯಾಸಗಳಲ್ಲಿ ಎಚ್ಚರ ಬೇಕು. ತಡವಾಗಿ ಬರುವವರ ಮನೆಯಲ್ಲಿ ಹಾಸಿಗೆ ಹಿಡಿದ ತಂದೆ ಇರಬಹುದು. ಮಧ್ಯಾಹ್ನ ತೂಕಡಿಸುವವರು ಔಷಧಿ ತಿನ್ನುತ್ತಿರಬಹುದು. ಮೇಲಿಂದ ಮೇಲೆ ಎದ್ದು ಹೋಗುವವರಿಗೆ ಸಕ್ಕರೆ ಕಾಯಿಲೆ ಇರಬಹುದು. ಪಾರ್ಟಿಗೆ ದುಡ್ಡು ಹಾಕಲು ಹಿಂದೆ ಮುಂದೆ ನೋಡುವವರು ಸಾಲ ತೀರಿಸುತ್ತಿರಬಹುದು. ಕಾರಣ ಇದೆಯೋ ಇಲ್ಲವೋ ಕೊಡುವವರಿಗೆ ತಿಳಿಯುವುದಿಲ್ಲ, ಆದ್ದರಿಂದ ಫಾರ್ಮಿನಲ್ಲಿ ಅವರೇ ಬರೆದಿದ್ದರೆ ಹೊರತು ಈ ಗುಂಪಿಗೆ ಕೈ ಹಾಕಬೇಡಿ.

ಕೆಲವಂತೂ ಅವರೇ ಬರೆದುಕೊಟ್ಟರೂ ಬೇಡ: ಮೈ, ಬಣ್ಣ, ಎತ್ತರ, ಕೂದಲು, ತಿನ್ನುವ ಪ್ರಮಾಣ, ಮದುವೆ-ಮಕ್ಕಳು, ದೇವರು, ಸಂಬಳ, ಇಂಗ್ಲಿಷಿನ ಉಚ್ಚಾರ. ನಮ್ಮಲ್ಲಿ ಇನ್ನೆರಡು ಜಾರುಬಂಡೆಗಳಿವೆ. ಒಂದು ಡಬ್ಬಿಯ ಊಟ. ಯಾರು ಏನು ತಿನ್ನುತ್ತಾರೆ ಎಂಬ ಮಾತು ನಮ್ಮಲ್ಲಿ ಎರಡೇ ವಾಕ್ಯದಲ್ಲಿ ಜಾತಿಗೆ ಹೋಗಿ ನಿಲ್ಲುತ್ತದೆ. ಇನ್ನೊಂದು ಕನ್ನಡದ ಬಗೆ. ಹುಬ್ಬಳ್ಳಿಯವರ, ಮಂಗಳೂರಿನವರ ಮಾತನ್ನು ಅನುಕರಿಸಿ ಬರೆದ ಕಾರ್ಡು ಬೆಂಗಳೂರಿನವರಿಗೆ ಮುದ್ದಾಗಿ ಕಾಣಬಹುದು. ಅದನ್ನು ಹಾಸ್ಟೆಲಿನ ದಿನಗಳಿಂದ ಕೇಳಿಸಿಕೊಂಡು ಬಂದವರಿಗೆ ಸಾಕುಸಾಕಾಗಿರುತ್ತದೆ.

ವಸ್ತು ಆರಿಸುವುದು

ಒಂದೇ ಅಭ್ಯಾಸಕ್ಕೆ ಎರಡು ಬಗೆಯ ವಸ್ತು ಹೊಳೆಯುತ್ತವೆ. ಒಂದು 'ಇದನ್ನು ನಿಲ್ಲಿಸು' ಎನ್ನುತ್ತದೆ, ಇನ್ನೊಂದು 'ಇದನ್ನು ಮಾಡುತ್ತಲೇ ಇರು, ಇದೋ ಸಲಕರಣೆ' ಎನ್ನುತ್ತದೆ. ಎರಡನೆಯದನ್ನೇ ಕೊಳ್ಳಿ.

'ಎರಡೇ ನಿಮಿಷ ಮಾತಾಡಬೇಕಿತ್ತು' ಎಂದು ಕರೆದು ನಲವತ್ತು ನಿಮಿಷ ಹಿಡಿದಿಡುವ ಹಿರಿಯ ಸಹೋದ್ಯೋಗಿಯನ್ನು ತೆಗೆದುಕೊಳ್ಳಿ. ತಟ್ಟನೆ ಹೊಳೆಯುವುದು ಬಾಯಿಗೆ ಬೀಗ ಎಂಬ ಅರ್ಥದ ಪುಟ್ಟ ಬೀಗ, ಇಲ್ಲವೇ ಕಿವಿಗೆ ಹತ್ತಿ. ಎರಡೂ ಒಂದೇ ಮಾತು ಹೇಳುತ್ತವೆ: ನಿಮ್ಮ ಮಾತು ನಮಗೆ ಬೇಡ. ಮನೆಗೆ ಹೋದ ಮೇಲೂ ಅದು ಕೊರೆಯುತ್ತದೆ. ಐದು ನಿಮಿಷದ ಮರಳು ಗಡಿಯಾರ ಹಾಗಲ್ಲ. ಮೇಜಿಗೆ ಅಂದ, ಕೈಗೆ ಆಟ, ಮೀಟಿಂಗಿನಲ್ಲಿ ನಿಜಕ್ಕೂ ಉಪಯೋಗ. ಅದರ ಜೊತೆ 'ಬೇಕಾದಷ್ಟು ಸಲ ತಿರುಗಿಸಿಡಬಹುದು' ಎಂದು ಕಾರ್ಡಿನಲ್ಲಿ ಬರೆದರೆ ಚುಚ್ಚುವ ತುದಿಯೇ ಮುರಿದುಹೋಗುತ್ತದೆ.

ಪೆನ್ನು ಮರೆಯುವವರಿಗೆ ಹತ್ತು ಸಾಧಾರಣ ಪೆನ್ನು, ಜೊತೆಗೆ ಬ್ಯಾಂಕಿನ ಕೌಂಟರಿನಲ್ಲಿರುವಂತೆ ದಾರ ಕಟ್ಟಿದ ಒಂದು ಪೆನ್ನಿನ ಸ್ಟ್ಯಾಂಡು. ಇಲ್ಲಿ 'ಕಳ್ಳ' ಎಂಬ ಪದ ಕಾರ್ಡಿನಲ್ಲಿ ಎಲ್ಲೂ ಬರಬಾರದು. ಮರೆವು ನಗಿಸುತ್ತದೆ, ಕಳ್ಳತನದ ಆರೋಪ ನಗಿಸುವುದಿಲ್ಲ. ಸದಾ ಕುರ್ಚಿ ತಿರುಗಿಸುತ್ತ ಯೋಚಿಸುವವರಿಗೆ ಚನ್ನಪಟ್ಟಣದ ಬಣ್ಣದ ಬುಗುರಿ. ಚಾರ್ಜರ್ ಅಲೆಮಾರಿಗೆ ಎಸ್.ಪಿ. ರೋಡಿನಲ್ಲಿ ಸಿಗುವ ಉದ್ದನೆಯ ಕೇಬಲ್ಲು, ಅದರ ತುದಿಗೆ ಅವರ ಹೆಸರಿನ ಚೀಟಿ. ಫೋನಿಗೆ ಯಾವ ತುದಿ ಬೇಕೆಂದು ಮೊದಲೇ ನೋಡಿಕೊಳ್ಳಿ, ಹೊಂದದ ಕೇಬಲ್ಲು ಬರೀ ಕೀಟಲೆಯಾಗಿ ಉಳಿಯುತ್ತದೆ.

ಡಿಯೋಡರೆಂಟ್, ಸೋಪು, ಬಾಚಣಿಗೆ, ತೂಕದ ಯಂತ್ರ, ಒಳ ಉಡುಪು, ಮೈಗೆ ಹಾಕುವ ಯಾವುದೇ ಬಟ್ಟೆ ಬೇಡ. ಮೊದಲ ನಾಲ್ಕು ದೇಹವನ್ನು ಟೀಕಿಸುತ್ತವೆ, ಬಟ್ಟೆಗೆ ಅಳತೆ ಊಹಿಸಬೇಕಾಗುತ್ತದೆ. ಮದ್ಯವೂ ಬೇಡ. 300 ರೂಪಾಯಿ ಮಿತಿಯನ್ನು ಮೀರಲೂ ಬಿಡಬೇಡಿ. ಒಬ್ಬರು 1,500ರ ಉಡುಗೊರೆ ತಂದರೆ ಉಳಿದವರ ವಸ್ತುಗಳೆಲ್ಲ ಅಗ್ಗದ ಗೇಲಿಯಾಗಿ ಕಾಣತೊಡಗುತ್ತವೆ. ತೀರ ಕಡಿಮೆಯೂ ಅಷ್ಟೇ ಅಪಾಯ: 40 ರೂಪಾಯಿಯ ಪ್ಲಾಸ್ಟಿಕ್ ಆಟಿಕೆ ಬಂದಾಗ ಕೈಯಲ್ಲಿ ಉಳಿಯುವುದು ಕೀಟಲೆ ಮಾತ್ರ. ಕನಿಷ್ಠ 200 ಎಂದೂ ಗೆರೆ ಎಳೆಯಿರಿ.

ಬಿನ್ನವತ್ತಳೆ ಬರೆಯುವುದು

ಊರಿನ ಸನ್ಮಾನ ಸಮಾರಂಭಗಳಲ್ಲಿ ಚೌಕಟ್ಟು ಹಾಕಿಸಿ ಓದುವ ಬಿನ್ನವತ್ತಳೆಯ ಧಾಟಿ ಎಲ್ಲರ ಕಿವಿಯಲ್ಲಿದೆ: ಸಂಬೋಧನೆ, ಗುಣಗಾನ, ಬಿರುದು, ಅರ್ಪಣೆ. ಆ ಗಂಭೀರ ಸಂಸ್ಕೃತಮಯ ಭಾಷೆಯಲ್ಲಿ ಪೆನ್ನು, ಮ್ಯೂಟು, ಚಾರ್ಜರಿನ ಸಂಗತಿ ಬಂದಾಗ ನಗು ತಾನಾಗಿ ಹುಟ್ಟುತ್ತದೆ, ವ್ಯಕ್ತಿಯನ್ನು ಚಿಕ್ಕದು ಮಾಡುವ ಅಗತ್ಯವೇ ಬೀಳುವುದಿಲ್ಲ. 40ರಿಂದ 60 ಪದ ಸಾಕು. ಗಟ್ಟಿಯಾಗಿ ಓದಿದರೆ ಅರ್ಧ ನಿಮಿಷ. ಅದಕ್ಕಿಂತ ಉದ್ದವಾದರೆ ಒಂದೇ ಅಭ್ಯಾಸವನ್ನು ಮೂರು ಕಡೆಯಿಂದ ಹೊಡೆದಂತಾಗುತ್ತದೆ.

ಮೇಲಿನ ಎರಡು ನಿಮಿಷದ ಸಹೋದ್ಯೋಗಿಗೆ ಮೊದಲ ಕರಡು ಸಾಮಾನ್ಯವಾಗಿ ಹೀಗೆ ಬರುತ್ತದೆ:

'ಮಾತು ನಿಲ್ಲಿಸುವುದೇ ಗೊತ್ತಿಲ್ಲದ ನಮ್ಮ ಮೇಡಂಗೆ. ನೀವು ಫೋನ್ ಮಾಡಿದರೆ ಎಲ್ಲರೂ ಓಡಿಹೋಗುತ್ತಾರೆ. ಮನೆಯಲ್ಲಿ ಯಜಮಾನರು ಹೇಗೆ ತಡೆದುಕೊಳ್ಳುತ್ತಾರೋ! ಇನ್ನಾದರೂ ಟೈಮ್ ನೋಡಿ.'

ಇದರಲ್ಲಿ ನಾಲ್ಕು ತೊಡಕುಗಳಿವೆ. 'ಗೊತ್ತಿಲ್ಲದ' ಎಂಬುದು ಅಭ್ಯಾಸ ಬಿಟ್ಟು ಮನುಷ್ಯರನ್ನು ಅಳೆಯುತ್ತದೆ. 'ಎಲ್ಲರೂ' ಎಂದಾಗ ಇಡೀ ತಂಡ ಬೆನ್ನ ಹಿಂದೆ ಮಾತಾಡಿಕೊಂಡಿದೆ ಎಂಬ ಸುದ್ದಿ ಅವರಿಗೆ ತಲುಪುತ್ತದೆ. ಮನೆಯವರು ಕಚೇರಿಯ ತಮಾಷೆಗೆ ಬಂದದ್ದೇ ತಪ್ಪು, ಅದರಲ್ಲೂ ಹೆಂಗಸು ಹೆಚ್ಚು ಮಾತಾಡುತ್ತಾಳೆ ಎಂಬ ಹಳಸಿದ ಹಾಸ್ಯ ಅದರೊಳಗೆ ನುಸುಳಿದೆ. ಕೊನೆಯ ವಾಕ್ಯ ಬುದ್ಧಿವಾದ. ತಿದ್ದಿದ ಮೇಲೆ:

'ಎರಡೇ ನಿಮಿಷವೆಂದು ಕರೆದು ನಲವತ್ತು ನಿಮಿಷಗಳ ಸತ್ಸಂಗವನ್ನು ಕರುಣಿಸುವ ಕಾಲಾತೀತರೇ! ನಮ್ಮ ಕಾಫಿ ಆರಿದರೂ ತಮ್ಮ ಉತ್ಸಾಹ ಆರದು. "ಕೊನೇದೊಂದು ಪಾಯಿಂಟ್" ಎಂದ ಬಳಿಕವೇ ಮೀಟಿಂಗ್ ಆರಂಭವಾಗುವುದೆಂದು ಬಲ್ಲೆವು. ಅಕ್ಟೋಬರಿನ ರಿಲೀಸನ್ನು ಉಳಿಸಿದ್ದೂ ಅಂಥದೇ ಒಂದು ಕೊನೇ ಪಾಯಿಂಟ್ ಎಂಬುದನ್ನೂ ಮರೆತಿಲ್ಲ. ಆದ್ದರಿಂದ ತಮಗೆ "ದ್ವಿನಿಮಿಷ ಚಕ್ರವರ್ತಿನಿ" ಎಂಬ ಬಿರುದನ್ನೂ ಈ ಮರಳು ಗಡಿಯಾರವನ್ನೂ ಅರ್ಪಿಸುತ್ತಿದ್ದೇವೆ. ಬೇಕಾದಷ್ಟು ಸಲ ತಿರುಗಿಸಿಡಲು ಅನುಮತಿಯಿದೆ.'

ಕಾಲೆಳೆತ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಆದರೆ ನಡುವೆ ಒಂದು ನಿಜವಾದ ಮೆಚ್ಚುಗೆ ಇದೆ, ಅದೂ ಅದೇ ಅಭ್ಯಾಸದಿಂದ ಹುಟ್ಟಿದ್ದು. ಈ ಒಂದು ವಾಕ್ಯಕ್ಕೇ ಹೆಚ್ಚು ಸಮಯ ಕೊಡಿ. 'ನೀವು ತುಂಬ ಒಳ್ಳೆಯವರು' ಎಂಬ ಮೆಚ್ಚುಗೆ ಸಮಾಧಾನಕ್ಕೆ ಅಂಟಿಸಿದ ತೇಪೆಯಂತೆ ಕಾಣುತ್ತದೆ. ದಿನ, ಕೆಲಸ, ಘಟನೆ ಹೆಸರಿಸಿದ ಮೆಚ್ಚುಗೆಯನ್ನು ಯಾರೂ ಅನುಮಾನಿಸುವುದಿಲ್ಲ. ಅಂಥ ಘಟನೆ ನೆನಪಿಗೇ ಬಾರದಿದ್ದರೆ ಆ ವ್ಯಕ್ತಿಯ ಪರಿಚಯ ನಿಮಗೆ ಸಾಲದು ಎಂದರ್ಥ. ಪಕ್ಕದ ಮೇಜಿನವರನ್ನು ಕೇಳಿ ತಿಳಿದುಕೊಳ್ಳಿ.

ಕನ್ನಡ ಓದಲು ಬಾರದ ಸಹೋದ್ಯೋಗಿಗಳಿದ್ದರೆ ಅವರ ಕಾರ್ಡನ್ನು ಅವರು ಓದುವ ಭಾಷೆಯಲ್ಲೇ ಬರೆಯಿರಿ. ತನಗೆ ಅರ್ಥವಾಗದ ಕಾರ್ಡಿಗೆ ಸುತ್ತಲಿನವರು ನಗುವುದನ್ನು ನೋಡುತ್ತ ನಿಲ್ಲುವುದು ಯಾರಿಗೂ ಹಿತವಲ್ಲ.

ಅಚ್ಚು ಹಾಕಿಸಲು 300 ಜಿಎಸ್ಎಂ ದಪ್ಪದ ಎ4 ಹಾಳೆ ಅರ್ಧಕ್ಕೆ ಮಡಿಸಿದರೆ ಸರಿಯಾದ ಅಳತೆ. ದಪ್ಪ ಹಾಳೆಯನ್ನು ನೇರ ಮಡಿಸಿದರೆ ಅಂಚು ಸೀಳುತ್ತದೆ. ಮಸಿ ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲಿಟ್ಟು ಗೀರಿ ಆಮೇಲೆ ಮಡಿಸಿ. ಅಂಗಡಿಗೆ ವರ್ಡ್ ಫೈಲ್ ಒಯ್ಯಬೇಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಒತ್ತಕ್ಷರಗಳು ಚೆದುರುತ್ತವೆ. ಫಾಂಟ್ ಸೇರಿಸಿದ ಪಿಡಿಎಫ್ ಮಾಡಿಕೊಂಡು ಹೋಗಿ.

ಮುಂಚೆಯೇ ಓದುವ ಇಬ್ಬರು

ಕಾರ್ಯಕ್ರಮಕ್ಕೆ ಐದು ಕೆಲಸದ ದಿನ ಮುಂಚೆ ಕಾರ್ಡಿನ ಕರಡು ಮತ್ತು ಉಡುಗೊರೆಯ ಹೆಸರು ವ್ಯವಸ್ಥಾಪಕರ ಕೈ ಸೇರಬೇಕು. ಎರಡು ದಿನ ಓದಲು, ಮೂರು ದಿನ ತಿದ್ದಲು ಮತ್ತು ಅಚ್ಚಿಗೆ. ಓದುವವರು ಇಬ್ಬರಿರಲಿ, ಒಬ್ಬರು ಹೆಂಗಸು, ಒಬ್ಬರು ಗಂಡಸು. ಒಬ್ಬರಾದರೂ ಬೇರೆ ತಂಡದವರಿರಲಿ. ತಂಡದವರಿಗೆ ಒಳಗಿನ ಹಿನ್ನೆಲೆ ಗೊತ್ತಿರುವುದರಿಂದ ಬರಿಯ ಅಕ್ಷರ ಎಷ್ಟು ಚುಚ್ಚುತ್ತದೆಂದು ತೋಚುವುದಿಲ್ಲ. ಹೊರಗಿನವರು ಕಾರ್ಡನ್ನು ಗಟ್ಟಿಯಾಗಿ, ನಗದೆ, ವರದಿ ಓದುವ ದನಿಯಲ್ಲಿ ಓದಲಿ. ಆಗಲೂ ಸೌಮ್ಯವಾಗಿ ಕೇಳಿಸಿದರೆ ಹೋಗಲು ಬಿಡಿ.

ದ್ವಂದ್ವಾರ್ಥ ಇಣುಕಿದರೆ ಚರ್ಚೆಗೇ ಇಡದೆ ತೆಗೆದುಹಾಕಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಅನಪೇಕ್ಷಿತ ಲೈಂಗಿಕ ಧಾಟಿಯ ಮಾತನ್ನೂ ಕಿರುಕುಳವೆಂದೇ ಎಣಿಸುತ್ತದೆ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬಹುದು. ಪಾರ್ಟಿಯ ತಮಾಷೆ ಎಂಬ ಮಾತು ಅಲ್ಲಿ ರಕ್ಷಣೆಯಾಗುತ್ತದೆಂದು ನಂಬಿಕೊಳ್ಳಬೇಡಿ.

ಆ ದಿನ

ಒಬ್ಬೊಬ್ಬರಿಗೆ ಮೂರು ನಿಮಿಷ ಹಿಡಿದರೆ 12 ಜನಕ್ಕೆ 36 ನಿಮಿಷ. ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಒಂದು ಮೈಸೂರು ಪೇಟ, ಒಂದು ಶಾಲು ತಂದಿಟ್ಟರೆ ಸನ್ಮಾನದ ಕಳೆ ಬರುತ್ತದೆ, ಎಲ್ಲರಿಗೂ ಅದೇ ಸಾಕು. ಆದರೆ ಹೊದಿಸಬೇಡಿ, ತೊಡಿಸಬೇಡಿ, ಕೈಗೆ ಕೊಡಿ. ಬೇಕೆನಿಸಿದವರು ತಾವೇ ಹಾಕಿಕೊಳ್ಳುತ್ತಾರೆ.

ಮೊದಲ ಸರದಿ ತಂಡದ ಹಿರಿಯರದು. ಅವರು ತಮ್ಮ ಮೇಲಿನ ಕೀಟಲೆಗೆ ಮನಸಾರೆ ನಕ್ಕರೆ ಉಳಿದವರ ಹೆಗಲು ಸಡಿಲವಾಗುತ್ತದೆ. ಸಂಕೋಚದವರನ್ನು ನಡುವೆ ಇಡಿ, ಮೊದಲೂ ಬೇಡ, ಕೊನೆಯೂ ಬೇಡ. ಪ್ರತಿಯೊಬ್ಬರೂ ಕಾರ್ಡನ್ನು ಮೊದಲು ಮನಸ್ಸಿನಲ್ಲೇ ಓದಿಕೊಳ್ಳಲಿ. ಆಮೇಲೆ ಗಟ್ಟಿಯಾಗಿ ತಾವೇ ಓದಬಹುದು, ಕೊಟ್ಟವರ ಕೈಯಲ್ಲಿ ಓದಿಸಬಹುದು, ಓದದೆ ಜೇಬಿಗೂ ಹಾಕಿಕೊಳ್ಳಬಹುದು. ಈ ಮೂರನೆಯ ಆಯ್ಕೆಯನ್ನು ಶುರುವಿನಲ್ಲೇ ಎಲ್ಲರಿಗೂ ಹೇಳಿ. 'ಓದಿ, ಓದಿ' ಎಂಬ ಕೂಗೆದ್ದರೆ ವ್ಯವಸ್ಥಾಪಕರು ತಕ್ಷಣ ಮುಂದಿನ ಹೆಸರು ಕರೆಯಬೇಕು. ಕಾರ್ಡಿನ ಅಕ್ಷರ ಕಾಣುವ ಫೋಟೊ ತೆಗೆಯುವುದು, ಸ್ಟೇಟಸ್ಸಿಗೆ ಹಾಕುವುದು ಬೇಡ. ಕೋಣೆಯೊಳಗೆ ಹಿತವಾಗಿದ್ದ ಮಾತು ಊರಿನ ಸಂಬಂಧಿಕರ ಫೋನಿಗೆ ಹೋದಾಗ ಬೇರೆಯೇ ಬಣ್ಣ ತಳೆಯುತ್ತದೆ.

ಎಡವಟ್ಟಾದರೆ

ನೊಂದವರು ಹೆಚ್ಚಾಗಿ ಬಾಯಿ ಬಿಟ್ಟು ಹೇಳುವುದಿಲ್ಲ, ಅವರೂ ನಗುತ್ತಾರೆ. ಗಮನಿಸಬೇಕಾದದ್ದು ನಗುವಿನ ಕ್ರಮ. ಮೊದಲು ಅವರು ನಕ್ಕು ಆಮೇಲೆ ಕೋಣೆ ನಕ್ಕರೆ ಸರಿ. ಕೋಣೆ ಮೊದಲು ನಕ್ಕು, ಅವರು ಸುತ್ತ ಕಣ್ಣಾಡಿಸಿ ಆಮೇಲೆ ನಕ್ಕರೆ ಏನೋ ತಾಗಿದೆ. ಕಾರ್ಡನ್ನು ಬೋರಲಾಗಿ ಇಡುವುದು, ಉಡುಗೊರೆಯನ್ನು ಮೇಜಿನ ಮೇಲೆಯೇ ಬಿಟ್ಟು ಹೋಗುವುದು ಇನ್ನಷ್ಟು ಸ್ಪಷ್ಟ ಗುರುತು.

ಆಗ ಅಲ್ಲೇ ಎಲ್ಲರೆದುರು ಕ್ಷಮೆ ಕೇಳಬೇಡಿ, ಅದು ಅವರನ್ನು ಎರಡನೆಯ ಸಲ ವೇದಿಕೆಗೆ ಹತ್ತಿಸಿದಂತೆ. ಅದೇ ಸಂಜೆ ಕೊಟ್ಟವರು ಒಬ್ಬರೇ ಹೋಗಿ, 'ಆ ಸಾಲು ಬರೆಯಬಾರದಿತ್ತು, ತಪ್ಪಾಯಿತು' ಎಂದಷ್ಟೇ ಹೇಳಲಿ. 'ತಮಾಷೆಗೆ ಬರೆದದ್ದು', 'ನೀವು ಬೇಜಾರು ಮಾಡಿಕೊಂಡಿದ್ದರೆ' ಎಂಬ ಬಾಲ ಸೇರಿಸಬೇಡಿ. ತಪ್ಪು ಅವರ ಸೂಕ್ಷ್ಮತೆಯದು ಎಂದು ಅದು ಸೂಚಿಸುತ್ತದೆ. ಕಾರ್ಡು ಅವರ ಬಳಿಯೇ ಇರಲಿ, ವಾಪಸು ಕೇಳಬೇಡಿ. ದೂರು ಕೊಡುವ ವಿಚಾರ ಅವರಿಗಿದ್ದರೆ ವ್ಯವಸ್ಥಾಪಕರು ಅಡ್ಡ ಬರಬಾರದು, ಸಮಿತಿಯ ವಿವರ ಕೊಡಬೇಕು. ಕಾರ್ಡಿನಲ್ಲಿ ಕೊಟ್ಟ ಬಿರುದನ್ನು ಮರುದಿನದಿಂದ ಅಡ್ಡಹೆಸರಾಗಿ ಬಳಸುವುದನ್ನೂ ತಡೆಯಿರಿ. ಒಂದು ಮಧ್ಯಾಹ್ನಕ್ಕೆ ಸೊಗಸಾಗಿದ್ದ 'ದ್ವಿನಿಮಿಷ ಚಕ್ರವರ್ತಿನಿ' ಮಾರ್ಚ್ ತಿಂಗಳ ಗ್ರಾಹಕರ ಮೀಟಿಂಗಿನಲ್ಲಿ ಕೇಳಿಬಂದರೆ ಅವರ ಕೆಲಸಕ್ಕೇ ಕುಂದು.

ಎಲ್ಲ ಮುಗಿದ ವಾರದೊಳಗೆ ಫಾರ್ಮಿನ ಉತ್ತರಗಳನ್ನು, ಅದರಲ್ಲೂ ಎರಡನೆಯ ಪ್ರಶ್ನೆಯದನ್ನು, ಶೀಟಿನ ಪ್ರತಿಗಳ ಸಮೇತ ಅಳಿಸಿಹಾಕಿ, ಅಳಿಸಿದ್ದೇವೆಂದು ತಂಡಕ್ಕೆ ಒಂದು ಸಾಲು ಬರೆದು ತಿಳಿಸಿ.